ರಿಸ್ಕ್ ಸರ್ವೆ ವರದಿಗೆ ಉತ್ತರ: ಯಾವ ಶಿಫಾರಸಿನ ಮುಂದೆ ಯಾವ ತಾರೀಖು ಬರೆಯಬೇಕು?

ಪ್ರತಿ ವರ್ಷ ಕಾಫಿ ಸೀಸನ್ ಹತ್ತಿರ ಬರುವಾಗ ಹಾಸನ, ಚಿಕ್ಕಮಗಳೂರು ಕಡೆಯ ಕ್ಯೂರಿಂಗ್‌ನವರು ನನಗೆ ಕೇಳುವುದು ಇದೊಂದೇ. "ವಿಮೆ ಕಂಪನಿಯಿಂದ ಒಬ್ಬರು ಬಂದು ಇಡೀ ದಿನ ಫೋಟೋ ತೆಗೆದುಕೊಂಡು ಹೋದರು. ಈಗ ಉದ್ದದ ಪಟ್ಟಿ ಕಳಿಸಿದ್ದಾರೆ, ಒಂದೊಂದನ್ನೂ ಯಾವಾಗ ಮುಗಿಸ್ತೀರಿ ಅಂತ ತಾರೀಖು ಹಾಕಿ ಕಳಿಸಿ ಅಂತಿದ್ದಾರೆ. ಏನು ಬರೆಯೋದು?"

ಒಬ್ಬೊಬ್ಬರಿಗೂ ಫೋನಲ್ಲಿ ಹೇಳುವ ಬದಲು ಇಲ್ಲೇ ಬರೆದುಬಿಡುತ್ತೇನೆ. ಕೆಲಸ ಏನು ಮಾಡಬೇಕು ಅನ್ನೋದು ವರದಿಯಲ್ಲೇ ಇರುತ್ತದೆ, ಅದರಲ್ಲಿ ಕಷ್ಟ ಇಲ್ಲ. ಎಲ್ಲರೂ ಎಡವುವುದು ತಾರೀಖಿನ ಕಾಲಮ್ಮಿನಲ್ಲಿ. ಅದಕ್ಕೇ ಈ ಲೇಖನದ ಮುಕ್ಕಾಲು ಪಾಲು ತಾರೀಖಿನ ಬಗ್ಗೆಯೇ ಇದೆ.

ಮೊದಲು ಮೂರು ಪದ ಬಿಡಿಸಿಕೊಳ್ಳೋಣ. ಅಂಡರ್‌ರೈಟರ್ ಅಂದರೆ ವಿಮೆ ಕಂಪನಿಯಲ್ಲಿ ನಿಮ್ಮ ಜಾಗಕ್ಕೆ ವಿಮೆ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು ಪ್ರೀಮಿಯಂಗೆ, ಯಾವ ಷರತ್ತಿನ ಮೇಲೆ ಅಂತ ತೀರ್ಮಾನ ಮಾಡುವವರು. ಅವರು ಸಾಮಾನ್ಯವಾಗಿ ನಿಮ್ಮ ಗೋಡೌನ್ ನೋಡಿರುವುದಿಲ್ಲ. ನೋಡಿ ಹೋದವರು ರಿಸ್ಕ್ ಇಂಜಿನಿಯರ್, ಅವರು ಬರೆದ ವರದಿಯೇ ರಿಸ್ಕ್ ಸರ್ವೆ. ಅದರ ಕೊನೆಗೆ "ಇದಿದನ್ನು ಸರಿ ಮಾಡಿ" ಅಂತ ಇರುವುದು ಶಿಫಾರಸು. ಬೆಂಕಿ ಬಿದ್ದ ಮೇಲೆ ನಷ್ಟ ಅಳೆಯಲು ಬರುವ ಸರ್ವೆಯರ್ ಬೇರೆ. ಆದರೆ ನೀವು ಈಗ ಬರೆಯುವ ಉತ್ತರವನ್ನು ಆ ದಿನ ಅವರೂ ಕೇಳಬಹುದು, ಇದು ನೆನಪಿರಲಿ.

ಉದಾಹರಣೆಗೆ ಹಾಸನದ ಹೊರವಲಯದಲ್ಲಿ ಒಂದು ಮಧ್ಯಮ ಗಾತ್ರದ ಕ್ಯೂರಿಂಗ್ ಇದೆ ಅಂತಿಟ್ಟುಕೊಳ್ಳೋಣ. ಎರಡು ಗೋಡೌನ್, ನಡುವೆ ಹಲ್ಲರ್ ಶೆಡ್, ಪಕ್ಕದಲ್ಲಿ ಜನರೇಟರ್ ರೂಮು, ಮುಂದೆ ಲಾರಿ ನಿಲ್ಲುವ ಅಂಗಳ. ಅಕ್ಟೋಬರ್ 8ಕ್ಕೆ ಇಂಜಿನಿಯರ್ ಬಂದರು, 20ಕ್ಕೆ ವರದಿ ಬಂತು, ನವೆಂಬರ್ 4ರೊಳಗೆ ಉತ್ತರ ಬೇಕು, ಪಾಲಿಸಿ ನವೀಕರಣ ಜನವರಿ 1ಕ್ಕೆ. ಶಿಫಾರಸು ಆರು: ಗೋಡೆಗೆ ಒರಗಿದ ಹೊಟ್ಟಿನ ರಾಶಿ ತೆಗೆಯಿರಿ, ಅವಧಿ ಮುಗಿದ ಬೆಂಕಿ ನಂದಿಸುವ ಸಿಲಿಂಡರ್ ರೀಫಿಲ್ ಮಾಡಿಸಿ, ಗೋಡೌನಲ್ಲಿ ಗೋಡೆಗೂ ಚೀಲದ ಅಟ್ಟಿಗೂ ಅಂತರ ಬಿಡಿ, ವೆಲ್ಡಿಂಗ್‌ಗೆ ಪರ್ಮಿಟ್ ಪದ್ಧತಿ ತನ್ನಿ, ವಿದ್ಯುತ್ ಪ್ಯಾನೆಲ್‌ಗಳ ಥರ್ಮೋಗ್ರಫಿ ಮಾಡಿಸಿ, ಹೈಡ್ರಂಟ್ ವ್ಯವಸ್ಥೆ ಹಾಕಿಸಿ.

ಉತ್ತರಕ್ಕೆ ಕೂರುವ ಮುನ್ನ ಕೈಯಲ್ಲಿ ಇರಬೇಕಾದದ್ದು

ಪೂರ್ತಿ ವರದಿ ಬೇಕು, ಏಜೆಂಟ್ ವಾಟ್ಸಾಪಲ್ಲಿ ಕಳಿಸಿದ ಕೊನೆಯ ಪುಟ ಮಾತ್ರ ಸಾಲದು. ಚಾಲ್ತಿ ಪಾಲಿಸಿಯ ಪ್ರತಿ, ಷರತ್ತುಗಳ ಪುಟಗಳ ಸಮೇತ. ಹಿಂದಿನ ಸರ್ವೆ ಆಗಿದ್ದರೆ ಅದಕ್ಕೆ ನೀವು ಕೊಟ್ಟ ಉತ್ತರ. ಇನ್ನು ಎಲೆಕ್ಟ್ರಿಷಿಯನ್ ಮತ್ತು ಗೋಡೌನ್ ನೋಡಿಕೊಳ್ಳುವ ಮೇಸ್ತ್ರಿ ಇಬ್ಬರನ್ನೂ ಒಂದು ಗಂಟೆ ಕೂರಿಸಿಕೊಳ್ಳಿ. ಅವರನ್ನು ಕೇಳದೆ ಆಫೀಸಲ್ಲಿ ಕೂತು ಹಾಕಿದ ತಾರೀಖು ನಿಲ್ಲುವುದಿಲ್ಲ.

ಹಂತ 1: ಶಿಫಾರಸೋ, ಷರತ್ತೋ ನೋಡಿ

ವರದಿಯಲ್ಲಿ ಇರುವುದೆಲ್ಲ ಒಂದೇ ತೂಕದ್ದಲ್ಲ. ಕೆಲವು ಬರೀ ಸಲಹೆ. ಕೆಲವನ್ನು ಅಂಡರ್‌ರೈಟರ್ "ಇದು ಇಷ್ಟು ದಿನದಲ್ಲಿ ಆಗಲೇಬೇಕು" ಅಂತ ಕವರಿಂಗ್ ಪತ್ರದಲ್ಲಿ ಬರೆದಿರುತ್ತಾರೆ. ಇನ್ನು ಕೆಲವು ಪಾಲಿಸಿಯೊಳಗೇ ವಾರಂಟಿಯಾಗಿ ಕೂತಿರುತ್ತವೆ. ಇಲ್ಲಿ ವಾರಂಟಿ ಅಂದರೆ ಮಿಕ್ಸಿ ಜೊತೆ ಬರೋ ವಾರಂಟಿ ಅಲ್ಲ. ನೀವು ವಿಮೆ ಕಂಪನಿಗೆ ಕೊಡುವ ಮಾತು ಅದು, ಮುರಿದರೆ ಕ್ಲೇಮ್‌ಗೇ ತೊಂದರೆ ಬರಬಹುದು. ಒಂದು ಶಿಫಾರಸು ಪಾಲಿಸಿಯಲ್ಲೂ ವಾರಂಟಿಯಾಗಿ ಇದ್ದರೆ ಅದಕ್ಕೆ ಮುಂದಿನ ತಾರೀಖು ಹಾಕುವುದು ಅಪಾಯ. "ಮಾರ್ಚ್‌ಗೆ ಮಾಡ್ತೀವಿ" ಅಂದರೆ "ಈಗ ಮಾಡಿಲ್ಲ" ಅಂತ ನೀವೇ ಬರೆದುಕೊಟ್ಟ ಹಾಗೆ ಆಯ್ತಲ್ವಾ? ಅಂಥದ್ದನ್ನು ಮೊದಲು ಸರಿ ಮಾಡಿ, ಆಮೇಲೆ ಉತ್ತರ ಬರೆಯಿರಿ. ಆಗಲೇ ಇಲ್ಲ ಅಂದರೆ ಬ್ರೋಕರ್ ಮೂಲಕ ಮುಂಚೆಯೇ ಮಾತಾಡಿ, ಸಮಯ ಕೊಟ್ಟದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ.

ಹಂತ 2: ಅವರ ನಂಬರ್, ಅವರ ಮಾತು

ಅವರ ವರದಿಯಲ್ಲಿ ಹೈಡ್ರಂಟ್ ಆರನೆಯದು ಆಗಿದ್ದರೆ ನಿಮ್ಮ ಉತ್ತರದಲ್ಲೂ ಆರನೆಯದೇ ಇರಲಿ. ಸುಲಭದ್ದನ್ನೆಲ್ಲ ಮೇಲೆ ಹಾಕಿ, ದುಡ್ಡು ಬೇಡುವುದನ್ನು ಕೊನೆಗೆ ತಳ್ಳಿ ಹೊಸ ನಂಬರ್ ಕೊಡಬೇಡಿ. ಎರಡು ಶಿಫಾರಸು ಸೇರಿಸಿ ಒಂದು ಉತ್ತರ ಬರೆಯುವುದೂ ಬೇಡ. ಅವರು ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ಟಿಕ್ ಹಾಕುತ್ತಾ ಹೋಗುತ್ತಾರೆ, ಒಂದು ಕಡೆ ತಪ್ಪಿದರೆ ಪೂರ್ತಿ ಉತ್ತರದ ಮೇಲೇ ಅನುಮಾನ ಬರುತ್ತದೆ.

ಕಾಲಮ್ಮುಗಳು ಇಷ್ಟು ಸಾಕು: ವರದಿಯ ನಂಬರ್, ಅವರ ಶಿಫಾರಸು ಅವರದೇ ಮಾತಲ್ಲಿ, ನಾವು ಮಾಡುವುದು ಏನು, ಯಾರ ಜವಾಬ್ದಾರಿ, ಮುಗಿಯುವ ತಾರೀಖು, ಅಲ್ಲಿಯವರೆಗಿನ ತಾತ್ಕಾಲಿಕ ವ್ಯವಸ್ಥೆ, ಪುರಾವೆ. ಪತ್ರ ಕೊನೆಗೆ ಇಂಗ್ಲಿಷಲ್ಲೇ ಹೋಗುತ್ತದೆ ಅನ್ನೋದು ಗೊತ್ತು. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಂಡು ಮೇಸ್ತ್ರಿಗೆ ಓದಿ ಹೇಳಿ. "ಅದು ಆಗಲ್ಲ ಸಾರ್" ಅಂತ ಅವರು ಆಗಲೇ ಹೇಳಿಬಿಟ್ಟರೆ ಒಳ್ಳೆಯದು.

ಹಂತ 3: ಉತ್ತರ ಹೋಗುವ ಮೊದಲೇ ಮುಗಿಯುವುದನ್ನು ಮುಗಿಸಿ

ಹೊಟ್ಟಿನ ರಾಶಿಗೆ ತಾರೀಖು ಕೇಳಿಸಿಕೊಳ್ಳುವುದೇ ಅವಮಾನ. ಒಂದು ಟ್ರ್ಯಾಕ್ಟರ್ ತರಿಸಿ ಎತ್ತಿಸಿ, ವರದಿಯಲ್ಲಿ ಇದ್ದದ್ದೇ ಕೋನದಲ್ಲಿ ಫೋಟೋ ತೆಗೆಯಿರಿ. ಕೋನ ಅದೇ ಇರಬೇಕು. ಬೇರೆ ಕಡೆಯಿಂದ ತೆಗೆದ ಫೋಟೋದಲ್ಲಿ ಯಾವ ಗೋಡೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಇಲ್ಲಿ ಒಂದು ಗುಂಡಿ ಇದೆ. ಅಕ್ಟೋಬರಲ್ಲಿ ತೆಗೆದದ್ದು ಕಳೆದ ಸೀಸನ್ನಿನ ಹೊಟ್ಟು. ಜನವರಿಗೆ ಹಲ್ಲರ್ ಓಡಿದ ಎರಡೇ ದಿನಕ್ಕೆ ಅದೇ ಗೋಡೆ ಪಕ್ಕ ಮತ್ತೆ ರಾಶಿ. ಹಾಗಾಗಿ "ತೆಗೆದಿದ್ದೇವೆ" ಅಂತ ಮಾತ್ರ ಬರೆದರೆ ಅರ್ಧ ಉತ್ತರ. ಹೊಟ್ಟು ಇನ್ನು ಮುಂದೆ ಎಲ್ಲಿ ಬೀಳುತ್ತದೆ, ಕಟ್ಟಡದಿಂದ ಎಷ್ಟು ಮೀಟರ್ ದೂರ, ಎಷ್ಟು ದಿನಕ್ಕೊಮ್ಮೆ ಲೋಡ್ ಹೋಗುತ್ತದೆ ಅಂತ ಬರೆಯಿರಿ. ವರದಿಯಲ್ಲಿ ಅಂತರ ಹೇಳಿದ್ದರೆ ಅದನ್ನೇ ಟೇಪು ಹಿಡಿದು ಅಳೆಯಿರಿ.

ಸಿಲಿಂಡರ್ ರೀಫಿಲ್ ಹತ್ತು ದಿನದ ಕೆಲಸ. ಎಲ್ಲವನ್ನೂ ಒಂದೇ ಸಲ ಗಾಡಿಗೆ ಹಾಕಿ ಕಳಿಸಬೇಡಿ, ಅರ್ಧ ಹೋಗಿ ಬಂದ ಮೇಲೆ ಇನ್ನರ್ಧ. ಇಲ್ಲದಿದ್ದರೆ ಆ ಹತ್ತು ದಿನ ಇಡೀ ಕ್ಯೂರಿಂಗಲ್ಲಿ ಒಂದೂ ಇರುವುದಿಲ್ಲ.

ಗೋಡೆಯ ಅಂತರಕ್ಕೆ ಇದೇ ಸರಿಯಾದ ಕಾಲ. ಸೀಸನ್ ಶುರುವಾಗುವ ಮುಂಚೆ ಗೋಡೌನ್ ವರ್ಷದಲ್ಲೇ ಅತಿ ಖಾಲಿ ಇರುತ್ತದೆ. ಈಗ ನೆಲದ ಮೇಲೆ ಹಳದಿ ಪೇಂಟಿನ ಗೆರೆ ಎಳೆಸಿದರೆ ಒಂದು ದಿನದ ಕೆಲಸ. ಫೆಬ್ರವರಿಗೆ ಮುಂದೂಡಿದರೆ ಗೋಣಿ ಚೀಲದ ಅಟ್ಟಿ ಸೂರಿನವರೆಗೆ ಬಂದಿರುತ್ತದೆ, ಒಂದು ಚೀಲ ಸರಿಸಲೂ ಹಮಾಲರು ಸಿಗುವುದಿಲ್ಲ. ಗೆರೆ ಎಳೆಯುವ ಮುಂಚೆ ಲೈಟು ಎಲ್ಲಿದೆ ನೋಡಿ. ಅಟ್ಟಿ ನೇರ ಲೈಟಿನ ಕೆಳಗೆ ಬರದ ಹಾಗೆ ಗೆರೆ ಹಾಕಿಸಿದರೆ ಮುಂದಿನ ವರ್ಷದ ಶಿಫಾರಸು ಒಂದು ಈಗಲೇ ಮುಗಿಯುತ್ತದೆ.

ವೆಲ್ಡಿಂಗ್ ಪರ್ಮಿಟ್‌ಗೆ ಖರ್ಚೇ ಇಲ್ಲ. ಎಲಿವೇಟರ್‌ಗೋ ಚೂಟ್‌ಗೋ ಗ್ಯಾಸ್ ಕಟರ್ ಹಿಡಿಯುವ ಮುಂಚೆ ತುಂಬುವ ಒಂದು ಪುಟದ ಫಾರಂ ಅದು: ಸುತ್ತಲಿನ ಧೂಳು, ಹೊಟ್ಟು ತೆಗೆದಾಯ್ತಾ, ನೀರು ಪಕ್ಕದಲ್ಲಿದೆಯಾ, ಕೆಲಸ ಮುಗಿದ ಮೇಲೆ ಯಾರು ಅಲ್ಲೇ ಕಾಯುತ್ತಾರೆ. ಕೊನೆಯದೇ ಮುಖ್ಯ. ಎಲಿವೇಟರ್ ಒಳಗೆ ಬಿದ್ದ ಕಿಡಿ ತಕ್ಷಣ ಹತ್ತಿಕೊಳ್ಳುವುದಿಲ್ಲ, ಹೊಟ್ಟಿನ ಪುಡಿಯೊಳಗೆ ಕೂತು ಎಲ್ಲರೂ ಊಟಕ್ಕೆ ಹೋದ ಮೇಲೆ ಹೊಗೆಯಾಡುತ್ತದೆ. ಜಾರಿ ತಾರೀಖು: ಉತ್ತರ ಬರೆದ ದಿನ. ತುಂಬಿದ ಮೊದಲ ಫಾರಂ ಪ್ರತಿಯನ್ನು ಆಮೇಲೆ ಕಳಿಸಿ.

ಹಂತ 4: ಉಳಿದದ್ದಕ್ಕೆ ಸೀಸನ್ ನೋಡಿ ತಾರೀಖು ಹಾಕಿ

ಇಲ್ಲೇ ಜಾಸ್ತಿ ಜನ ಕೆಡುವುದು. ನಾನೂ ಮೊದಲ ಸಲ ಒಂದು ಉತ್ತರದಲ್ಲಿ ಎಲ್ಲಾ ಸಾಲಿಗೂ ಡಿಸೆಂಬರ್ 31 ಅಂತ ಹಾಕಿ ಕಳಿಸಿದ್ದೆ. "ಪೇಂಟಿಗೂ ಪಂಪಿಗೂ ಒಂದೇ ದಿನಾನಾ?" ಅಂತ ವಾಪಸ್ ಬಂತು. ಎಲ್ಲ ಸಾಲಿನಲ್ಲೂ ಒಂದೇ ತಾರೀಖು ಇದ್ದರೆ ಯೋಚನೆ ಮಾಡಿಲ್ಲ ಅಂತ ಓದುವವರಿಗೆ ತಕ್ಷಣ ತಿಳಿಯುತ್ತದೆ.

ನಮ್ಮ ಕಡೆ ತಾರೀಖನ್ನು ಎರಡು ವಿಷಯ ಕಟ್ಟಿಹಾಕುತ್ತವೆ. ಒಂದು ಸೀಸನ್: ಅರೇಬಿಕಾ ಬಂದು, ಅದರ ಹಿಂದೆ ರೋಬಸ್ಟಾ ಬಂದು, ಮಿಲ್ಲು ಬಿಡುವಿಲ್ಲದೆ ಓಡುವ ತಿಂಗಳುಗಳು. ಇನ್ನೊಂದು ಜೂನ್‌ನಿಂದ ಹಿಡಿಯುವ ಮಳೆ. ಎರಡು ಕೆಲಸ ತೆಗೆದುಕೊಂಡು ನೋಡೋಣ.

*ಥರ್ಮೋಗ್ರಫಿ.* ಬಿಸಿಯನ್ನು ತೋರಿಸುವ ಕ್ಯಾಮೆರಾದಲ್ಲಿ ಪ್ಯಾನೆಲ್ ನೋಡುವುದು. ಸಡಿಲವಾದ ಜಾಯಿಂಟ್ ಇದ್ದರೆ ಅಲ್ಲಿ ಬಿಸಿ ಜಾಸ್ತಿ ಇರುತ್ತದೆ, ಕ್ಯಾಮೆರಾದಲ್ಲಿ ಬೆಳ್ಳಗೆ ಕಾಣುತ್ತದೆ. ಸುಲಭದ ಕೆಲಸ, ಅರ್ಧ ದಿನ ಸಾಕು ಅಂತ ಎಲ್ಲರೂ "ನವೆಂಬರ್ 15" ಅಂತ ಬರೆದುಬಿಡುತ್ತಾರೆ. ಆದರೆ ನವೆಂಬರಲ್ಲಿ ಹಲ್ಲರ್ ಓಡುತ್ತಿರುವುದಿಲ್ಲ. ಲೋಡ್ ಇಲ್ಲದೆ ಜಾಯಿಂಟ್ ಬಿಸಿಯಾಗುವುದಿಲ್ಲ, ಆಫೀಸಿನ ನಾಲ್ಕು ಫ್ಯಾನ್ ಹಾಕಿಕೊಂಡು ತೆಗೆಸಿದ ವರದಿಯಲ್ಲಿ ಎಲ್ಲವೂ ತಣ್ಣಗೆ, ಎಲ್ಲವೂ ಸರಿ ಅಂತಲೇ ಬರುತ್ತದೆ. ಆ ವರದಿಯಲ್ಲಿ ಲೋಡ್ ಎಷ್ಟು ಆಂಪಿಯರ್ ಅಂತ ಬರೆದಿರುತ್ತಾರೆ, ಇಂಜಿನಿಯರ್ ಮೊದಲು ನೋಡುವುದೇ ಅದನ್ನು. ಸುಮ್ನೆ ದುಡ್ಡು ದಂಡ.

ಹಾಗಾಗಿ ಇದಕ್ಕೆ ಎರಡು ತಾರೀಖು. ನವೆಂಬರ್ 25ರೊಳಗೆ ಕರೆಂಟ್ ಪೂರ್ತಿ ತೆಗೆದು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಪ್ಯಾನೆಲ್ ಒಳಗಿನ ಧೂಳು ತೆಗೆಸಿ ಜಾಯಿಂಟ್ ಬಿಗಿ ಮಾಡಿಸುವುದು. ಜನವರಿ 31ರೊಳಗೆ, ಹಲ್ಲರ್, ಗ್ರೇಡರ್ ಎಲ್ಲ ಒಟ್ಟಿಗೆ ಓಡುವಾಗ ಥರ್ಮೋಗ್ರಫಿ. ಅದರಲ್ಲಿ ದೋಷ ಕಂಡರೆ ರಿಪೇರಿಗೆ ಮೂರನೇ ತಾರೀಖು ಬೇಕು. ಅದನ್ನು ಈಗಲೇ "ವರದಿ ಬಂದ ನಂತರದ ಎರಡನೇ ಭಾನುವಾರದೊಳಗೆ" ಅಂತ ಹಾಕಿ, ಆ ದಿನ ಮಿಲ್ಲು ನಿಲ್ಲಿಸಬಹುದು. ತೀರಾ ಬಿಸಿ ಇರುವ ಜಾಯಿಂಟ್ ಸಿಕ್ಕರೆ ಮಾತ್ರ ಭಾನುವಾರ ಕಾಯಬೇಡಿ, ಅವತ್ತೇ ನಿಲ್ಲಿಸಿ ಸರಿ ಮಾಡಿಸಿ. ಜನವರಿ ಯಾಕೆ ಅನ್ನುವ ಕಾರಣವನ್ನೂ ಉತ್ತರದಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ಕಾರಣ ಬರೆಯದಿದ್ದರೆ ಮುಂದೂಡುತ್ತಿದ್ದಾರೆ ಅನ್ನಿಸುತ್ತದೆ, ಬರೆದರೆ ಇವರಿಗೆ ಕೆಲಸ ಗೊತ್ತು ಅನ್ನಿಸುತ್ತದೆ.

*ಹೈಡ್ರಂಟ್.* ನೀರಿನ ಟ್ಯಾಂಕ್, ಪಂಪು, ಕಟ್ಟಡದ ಸುತ್ತ ಪೈಪು, ಅಲ್ಲಲ್ಲಿ ಹೋಸ್ ಜೋಡಿಸುವ ಬಾಯಿ. ಲಕ್ಷಗಟ್ಟಲೆ ಖರ್ಚು, ಮಾಲೀಕರ ಮುಖ ಸಣ್ಣಗಾಗುವುದು ಇಲ್ಲೇ. ಆಗ ಎರಡು ತಪ್ಪು ಉತ್ತರ ಬರುತ್ತವೆ. ಒಂದು "ಪರಿಶೀಲನೆಯಲ್ಲಿದೆ". ಅಂಡರ್‌ರೈಟರ್ ಅದನ್ನು "ಮಾಡಲ್ಲ" ಅಂತಲೇ ಓದುತ್ತಾರೆ. ಇನ್ನೊಂದು "ಬದಲಿಗೆ ಹತ್ತು ಪೌಡರ್ ಸಿಲಿಂಡರ್ ಕೊಂಡಿದ್ದೇವೆ". ಪೌಡರ್ ಮೇಲಿನ ಜ್ವಾಲೆಯನ್ನು ಆರಿಸುತ್ತದೆ, ಆದರೆ ಗೋಣಿ ಅಟ್ಟಿಯ, ಹೊಟ್ಟಿನ ಒಳಗೆ ಕೂತ ಕೆಂಡವನ್ನು ತಣ್ಣಗೆ ಮಾಡುವುದಿಲ್ಲ. ಅದಕ್ಕೆ ನೀರೇ ಬೇಕು. ಇದು ಓದುವವರಿಗೆ ಗೊತ್ತಿರುತ್ತದೆ.

ಮಾಡುವುದು ನಿಜವಾದರೆ ದೊಡ್ಡ ಕೆಲಸವನ್ನು ತುಂಡು ಮಾಡಿ, ಹಿಂದಿನಿಂದ ಲೆಕ್ಕ ಹಾಕಿ. ಜೂನ್‌ಗೆ ಮಳೆ, ಅದರ ಮೇಲೆ ಅಗೆತ ಇಲ್ಲ. ಅಂದರೆ ಎಲ್ಲ ಮುಗಿದು ಟ್ರಯಲ್ ಆಗಬೇಕಾದ್ದು ಮೇ 20ಕ್ಕೆ. ಅಂಗಳ ಅಡ್ಡ ದಾಟುವ ಪೈಪು ಲಾರಿ ದಾರಿಯಲ್ಲಿ ಬರುತ್ತದೆ, ಸೀಸನ್ ಭರದಲ್ಲಿ ಅಲ್ಲಿ ಕಾಲುವೆ ತೋಡಿದರೆ ಲಾರಿಗಳು ಬಿ.ಎಂ. ರಸ್ತೆವರೆಗೆ ಸಾಲು ನಿಲ್ಲುತ್ತವೆ. ಆ ತುಂಡು ಏಪ್ರಿಲ್ ಕೊನೆಗೆ, ಚೀಲ ಬರುವುದು ಕಮ್ಮಿಯಾದ ಮೇಲೆ. ಗೋಡೌನ್ ಹಿಂಭಾಗದ ಪೈಪು ಮತ್ತು ಟ್ಯಾಂಕ್ ಯಾರಿಗೂ ಅಡ್ಡ ಇಲ್ಲ, ಅದು ಫೆಬ್ರವರಿಯಲ್ಲಿ. ಅಷ್ಟರೊಳಗೆ ಆರ್ಡರ್ ಆಗಿರಬೇಕಾದರೆ ಡಿಸೆಂಬರ್ 15, ಕೊಟೇಷನ್ ನವೆಂಬರ್ 20. ಉತ್ತರದಲ್ಲಿ ಈ ಸಾಲು ಹೀಗೆ ನಿಲ್ಲುತ್ತದೆ:

> ಶಿಫಾರಸು 6. ಒಪ್ಪಿದ್ದೇವೆ. ಎರಡು ಕೊಟೇಷನ್ ನವೆಂಬರ್ 20. ಆರ್ಡರ್ ಡಿಸೆಂಬರ್ 15, ಪ್ರತಿ ಕಳಿಸುತ್ತೇವೆ. ಟ್ಯಾಂಕ್ ಮತ್ತು ಹಿಂಭಾಗದ ಪೈಪು ಫೆಬ್ರವರಿ 28. ಅಂಗಳದ ಪೈಪು ಮತ್ತು ಪಂಪು ಏಪ್ರಿಲ್ 30. ಒತ್ತಡ ಪರೀಕ್ಷೆ, ಟ್ರಯಲ್ ಮೇ 20. ಅಲ್ಲಿಯವರೆಗೆ: ಈಗಿರುವ ಓವರ್‌ಹೆಡ್ ಟ್ಯಾಂಕಿನಿಂದ ಎರಡು ಹೋಸ್ ರೀಲ್ (ನವೆಂಬರ್ 30), ರಾತ್ರಿ ಎರಡು ಗಂಟೆಗೊಮ್ಮೆ ವಾಚ್‌ಮನ್ ಸುತ್ತು, ರಿಜಿಸ್ಟರ್ ಸಮೇತ. ಜವಾಬ್ದಾರಿ: ಮ್ಯಾನೇಜರ್.

ಒಂದು ಮಾತು ಮರೆಯಬೇಡಿ. ಪಂಪು ಕರೆಂಟಿನದಾದರೆ ಅದರ ಲೈನನ್ನು ಮೇನ್ ಸ್ವಿಚ್‌ಗಿಂತ ಮುಂಚೆಯೇ ಬೇರೆಯಾಗಿ ತೆಗೆಸಬೇಕು. ಬೆಂಕಿ ಬಿದ್ದಾಗ ಮೊದಲು ಮಾಡುವುದೇ ಮೇನ್ ಎಳೆಯುವುದು, ಆಗ ಪಂಪೂ ನಿಂತರೆ ಇಷ್ಟೆಲ್ಲ ಹಾಕಿಸಿ ಏನು ಬಂತು? ಲೋಡ್ ಜಾಸ್ತಿ ಮಾಡಿಸಬೇಕಾದರೆ ಹಾಸನದವರು ಚಾಮುಂಡೇಶ್ವರಿ ವಿದ್ಯುತ್ ಕಂಪನಿಗೆ, ಚಿಕ್ಕಮಗಳೂರಿನವರು ಮೆಸ್ಕಾಂಗೆ ಅರ್ಜಿ ಹಾಕಬೇಕು. ಆ ಮಂಜೂರಾತಿ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿ ಇಲ್ಲದ್ದಕ್ಕೆ "ಅರ್ಜಿ ಕೊಡುವ ತಾರೀಖು" ಹಾಕಿ, "ಮಂಜೂರಾಗುವ ತಾರೀಖು" ಹಾಕಬೇಡಿ. ಡೀಸೆಲ್ ಪಂಪಾದರೆ ಈ ತಲೆನೋವು ಕಮ್ಮಿ, ಆದರೆ ವಾರಕ್ಕೊಮ್ಮೆ ಓಡಿಸಿ ಬ್ಯಾಟರಿ ನೋಡುವವರು ಬೇಕು.

ಹಂತ 5: ಒಪ್ಪದಿದ್ದರೆ ಒಪ್ಪಲ್ಲ ಅಂತ ಬರೆಯಿರಿ

ಎಲ್ಲದಕ್ಕೂ ಹೂಂ ಅನ್ನಬೇಕಿಲ್ಲ. ಇಂಜಿನಿಯರ್ ಒಂದು ದಿನ ನೋಡಿದ್ದಾರೆ, ಕೆಲವು ಸಲ ತಪ್ಪಾಗಿ ತಿಳಿದಿರುತ್ತಾರೆ. ಗೋಡೌನ್ ಒಳಗೆ ಡೀಸೆಲ್ ಡ್ರಮ್ ಇದೆ ಅಂತ ಬರೆದಿದ್ದು, ಅದು ನೀರಿನ ಡ್ರಮ್ ಆಗಿದ್ದರೆ ಫೋಟೋ ಹಾಕಿ ಹೇಳಿ. ದುಡ್ಡಿಲ್ಲ ಅನ್ನೋದೂ ಕಾರಣವೇ, ಅದನ್ನು ಮುಚ್ಚಿಟ್ಟು ಸುಳ್ಳು ತಾರೀಖು ಹಾಕುವುದಕ್ಕಿಂತ "ಪೂರ್ತಿ ಹೈಡ್ರಂಟ್ ಈ ವರ್ಷ ಆಗುವುದಿಲ್ಲ, ಬದಲಿಗೆ ಟ್ಯಾಂಕ್, ಪಂಪು, ನಾಲ್ಕು ಹೋಸ್ ರೀಲ್ ಮೇ 20ಕ್ಕೆ ಮುಗಿಸುತ್ತೇವೆ, ಒಪ್ಪುತ್ತೀರಾ?" ಅಂತ ಕೇಳುವುದು ಎಷ್ಟೋ ಮೇಲು. ಅವರು ಪ್ರೀಮಿಯಂ ಏರಿಸಬಹುದು, ನಷ್ಟದಲ್ಲಿ ನೀವು ಹೊರಬೇಕಾದ ಪಾಲನ್ನು ಹೆಚ್ಚಿಸಬಹುದು. ಆದರೆ ಅದು ನಿಮಗೆ ಮುಂಚೆಯೇ ಗೊತ್ತಿರುತ್ತದೆ.

ಹಂತ 6: ಕಳಿಸುವ ಮುನ್ನ ಈ ಮಾತುಗಳನ್ನು ಹುಡುಕಿ ಅಳಿಸಿ

"ಗಮನಿಸಲಾಗಿದೆ." "ಆದಷ್ಟು ಬೇಗ." "ಶೀಘ್ರದಲ್ಲೇ." ಇವೆಲ್ಲ ಖಾಲಿ ಜಾಗ ಇದ್ದ ಹಾಗೆ. ಇವುಗಳಿಗಿಂತ ಕೆಟ್ಟದ್ದು "ಪೂರ್ಣಗೊಂಡಿದೆ", ಪೂರ್ಣಗೊಳ್ಳದೇ ಇರುವಾಗ. ಹದಿನಾಲ್ಕು ಸಿಲಿಂಡರಲ್ಲಿ ಒಂಬತ್ತು ರೀಫಿಲ್ ಆಗಿದ್ದರೆ "ಒಂಬತ್ತು ಆಗಿದೆ, ಐದು ನವೆಂಬರ್ 12ಕ್ಕೆ" ಅಂತಲೇ ಬರೆಯಿರಿ. ನಾಳೆ ಆ ಐದರಲ್ಲಿ ಒಂದು ಇದ್ದ ಮೂಲೆಯಲ್ಲೇ ಬೆಂಕಿ ಬಿದ್ದರೆ, ಸಿಲಿಂಡರ್ ಮೇಲಿನ ಚೀಟಿಯ ತಾರೀಖು ಒಂದು ಹೇಳುತ್ತದೆ, ನಿಮ್ಮ ಸಹಿ ಇರುವ ಪತ್ರ ಇನ್ನೊಂದು ಹೇಳುತ್ತದೆ.

ಸಹಿ ಮಾಲೀಕರದ್ದೋ ಅಧಿಕಾರ ಇರುವ ಪಾಲುದಾರರದ್ದೋ ಇರಲಿ, ಲೆಟರ್‌ಹೆಡ್ ಮೇಲೆ. ಏಜೆಂಟ್ ಕೈಗೆ ಕಾಗದ ಕೊಟ್ಟು "ನೋಡ್ಕೊಳ್ಳಿ" ಅಂದು ಸುಮ್ಮನಾಗಬೇಡಿ. ಮೇಲ್ ಮಾಡಿ, ತಲುಪಿದೆ ಅನ್ನುವ ಉತ್ತರ ಬರುವವರೆಗೆ ಬೆನ್ನು ಹತ್ತಿ.

ಸಂದರ್ಭ ಬಂದಿದ್ದಕ್ಕೆ ಇನ್ನೊಂದು. ನಿಮ್ಮ ಗೋಡೌನಲ್ಲಿರುವ ಕಾಫಿ ಬಹುಪಾಲು ಬೆಳೆಗಾರರದ್ದು, ನಿಮ್ಮದಲ್ಲ. ಬೇರೆಯವರ ಸರಕು ನಿಮ್ಮ ವಶದಲ್ಲಿದೆ ಅಂತ ಪಾಲಿಸಿಯಲ್ಲಿ ಸ್ಪಷ್ಟವಾಗಿ ಬಂದಿದೆಯಾ ನೋಡಿಕೊಳ್ಳಿ. ಶಿಫಾರಸಿನಲ್ಲಿ ಇಲ್ಲದಿದ್ದರೂ ಇದೇ ಮೇಲ್‌ನಲ್ಲಿ ಕೇಳಿಬಿಡಿ.

ಹಂತ 7: ತಾರೀಖು ಜಾರುವುದಾದರೆ

ಜಾರುತ್ತದೆ. ಟ್ಯಾಂಕ್ ಅಗೆಯುವಾಗ ಬಂಡೆ ಸಿಗುತ್ತದೆ, ಪಂಪಿನವರು ಕೈಕೊಡುತ್ತಾರೆ. ತಾರೀಖು ದಾಟಿದ ಮೇಲೆ ಅವರು ಕೇಳುವವರೆಗೆ ಕಾಯಬೇಡಿ, ದಾಟುವ ಮುಂಚೆಯೇ ಬರೆಯಿರಿ. ನಾಲ್ಕು ಸಾಲು ಸಾಕು:

> ಶಿಫಾರಸು 6, ಟ್ಯಾಂಕ್, ಫೆಬ್ರವರಿ 28 ಅಂದಿದ್ದೆವು. ಅಗೆಯುವಾಗ ಬಂಡೆ ಸಿಕ್ಕಿದೆ, ಫೋಟೋ ಇದೆ. ಹೊಸ ತಾರೀಖು ಮಾರ್ಚ್ 25. ಉಳಿದ ತಾರೀಖುಗಳಲ್ಲಿ ಬದಲಾವಣೆ ಇಲ್ಲ. ಹೋಸ್ ರೀಲ್ ಮತ್ತು ರಾತ್ರಿ ಸುತ್ತು ಮುಂದುವರಿದಿದೆ.

ಒಂದು ಸಲ ಹೀಗೆ ಬರೆದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅದೇ ಸಾಲಿಗೆ ಮೂರನೇ ಸಲ ಬರೆದರೆ ಮತ್ತೆ ಇಂಜಿನಿಯರ್ ಬರುತ್ತಾರೆ ಅಂತ ಇಟ್ಟುಕೊಳ್ಳಿ.

ಹಾಗೇ ಒಂದೊಂದು ಮುಗಿದಾಗಲೂ ಬಿಲ್ಲು, ಫೋಟೋ, ಟ್ರಯಲ್ ರಿಪೋರ್ಟ್ ಅದೇ ಮೇಲ್‌ಗೆ ಸೇರಿಸಿ ಕಳಿಸುತ್ತಾ ಹೋಗಿ, ಎಲ್ಲ ಒಟ್ಟಾಗಲಿ ಅಂತ ಮೇವರೆಗೆ ಕೂಡಿಡಬೇಡಿ. ಆ ಫೈಲಿನ ಒಂದು ಪ್ರತಿ ಮಿಲ್ಲಿನ ಆಫೀಸಲ್ಲಲ್ಲ, ಮನೆಯಲ್ಲಿ ಇರಲಿ. ಹಲ್ಲರ್ ಶೆಡ್ಡಿಗೆ ಅಂಟಿಕೊಂಡೇ ಆಫೀಸು ಇರುವ ಕ್ಯೂರಿಂಗ್‌ಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು.